ಹೊಳೆಬಾಗಿಲಲ್ಲಿ ಇಳಿಯಲಿಲ್ಲ, ತಮ್ಮಾ

ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಶುಭಾಶಯ ಕಳಿಸಿದರೆ, "ಇಲ್ಲಿನ್ನೂ ಹತ್ತೂವರೆ ಕಣೇ ಅಕ್ಕ, ನಾನಿನ್ನೂ ಹುಟ್ಟಿಲ್ಲ" ಅಂತ ಮಸ್ಕತ್ತಿನಿಂದ ಪ್ರತಿವರ್ಷ ಕೀಟಲೆ ಮಾಡ್ತೀಯ. ಅದಕ್ಕೇ ಈ ಅಕ್ಟೋಬರಿನಲ್ಲಿ ಬೆಳಗಾಗುವ ತನಕ ಕಾದೆ. ಸಾಗರದಲ್ಲಿ ಸಿಗಂದೂರು ಬಸ್ಸು ಹತ್ತಿದೆ. ಅಜ್ಜಿಮನೆ ದಾರಿಯಲ್ಲಿ ಕೂತೇ ನಿನಗೆ ಮಾತಾಡಿ ಕಳಿಸಬೇಕು ಅಂತ ಆಸೆ.

ಆವಿನಹಳ್ಳಿ ದಾಟಿತು. ನಿನಗೆ ಹೊಟ್ಟೆ ತೊಳೆಸುತ್ತಿದ್ದದ್ದು ಇಲ್ಲೇ. ಅಮ್ಮ ನಿಂಬೆಹಣ್ಣು ಮೂಸಲು ಕೊಟ್ಟರೆ ಸಿಪ್ಪೆ ಸಮೇತ ಕಚ್ಚುತ್ತಿದ್ದೆ.

ಹೊಳೆಬಾಗಿಲು ಬಂದಾಗ ಅಭ್ಯಾಸಬಲದಿಂದ ಎದ್ದು ನಿಂತುಬಿಟ್ಟೆ. ಕಂಡಕ್ಟರ್ ನಕ್ಕ. ಇಲ್ಲಿ ಬಸ್ಸು ಖಾಲಿ ಮಾಡಿಸುತ್ತಿದ್ದದ್ದು, ನಾವು ನಡೆದು ಲಾಂಚ್ ಹತ್ತುತ್ತಿದ್ದದ್ದು, ಸಂದುಗಳಲ್ಲಿ ಬೈಕು, ಅಕ್ಕಿಮೂಟೆ ತುರುಕುತ್ತಿದ್ದದ್ದು ನೆನಪಿದೆಯಾ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹಬ್ಬಿದ ಮೇಲೆ ತುಮರಿ ಸೀಮೆಯವರಿಗೆ ಸಾಗರಕ್ಕೆ ನೇರ ದಾರಿ ಇದೊಂದೇ ಆಗಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚು ದಡಕ್ಕೆ ಸರಿಯಾಗಿ ತಾಗದೆ ವಾಹನಗಳನ್ನು ನಿಲ್ಲಿಸಿ, ಜನರನ್ನಷ್ಟೇ ದಾಟಿಸುತ್ತಿದ್ದರು. ಆಗಲೇ ನಮ್ಮ ಆಟ ಶುರು. ಮುಳುಗಡೆಯಾದ ಕಾಡಿನ ಬೊಡ್ಡೆಗಳು ನೀರಿನಿಂದ ತಲೆ ಎತ್ತಿರುತ್ತಿದ್ದವಲ್ಲ, ಅವನ್ನು ಎಣಿಸುವುದು. ನಾನು ಎಷ್ಟು ಹೇಳಿದರೂ ನಿನ್ನದು ಒಂದು ಹೆಚ್ಚು. ಕಳ್ಳ!

ನಿನಗೆ ಎಂಟು ತುಂಬುವ ಹಿಂದಿನ ದಿನ ಕೊನೇ ಲಾಂಚು ತಪ್ಪಿತು. ಎದುರು ದಡ ಕಣ್ಣೆದುರಿಗೇ ಇತ್ತು. ರಸ್ತೆಯಲ್ಲಿ ಹೋಗುವುದಾದರೆ ಹೊಸನಗರ, ನಿಟ್ಟೂರಿನ ಮೇಲೆ ಸುತ್ತಬೇಕು. ಅಪ್ಪನ ಜೇಬಿನಲ್ಲಿ ಅಷ್ಟು ದುಡ್ಡಿರಲಿಲ್ಲ. ಚಾ ಅಂಗಡಿಯ ಬೆಂಚಿನ ಮೇಲೆ ಒಂದೇ ಕಂಬಳಿಯಲ್ಲಿ ಮಲಗಿದೆವು. ನೀನು ನಿದ್ದೆಗಣ್ಣಲ್ಲಿ, "ಅಜ್ಜಿ ಹೋಳಿಗೆ ಹಳಸುತ್ತಾ?" ಅಂತ ಕೇಳಿದೆ. ಬೆಳಿಗ್ಗೆ ಮೊದಲ ಲಾಂಚಿನಲ್ಲಿ ಹೋದರೆ ಅಜ್ಜಿ ಆ ದಡದಲ್ಲಿ ಡಬ್ಬಿ ಹಿಡಿದೇ ನಿಂತಿದ್ದಳು. ಪಾಪ, ಅವಳೂ ಮನೆಗೆ ಹೋಗಿರಲಿಲ್ಲವೋ ಏನೋ, ಕೇಳಲೇ ಇಲ್ಲ ನಾವು.

ಇದನ್ನೆಲ್ಲ ಹೇಳಬೇಕು ಅಂತ ಸೇತುವೆಯ ಬಾಯಲ್ಲಿ ಮೊಬೈಲಿನ ಮೈಕ್ ಒತ್ತಿದೆ. 2025ರ ಜುಲೈ 14ಕ್ಕೆ ಉದ್ಘಾಟನೆಯಾದ ಸೇತುವೆ, ಸುಮಾರು ಎರಡೂವರೆ ಕಿಲೋಮೀಟರ್. ತಂತಿಹಗ್ಗಗಳು ಕಿಟಕಿಯಲ್ಲಿ ಸರಸರ ಸರಿದವು. ನಾನಿನ್ನೂ ಕಂಬಳಿಯ ತನಕ ಬಂದಿದ್ದೆ, ಅಷ್ಟರಲ್ಲಿ ಕಳಸವಳ್ಳಿ! ಲಾಂಚಾಗಿದ್ದರೆ ಹೋಳಿಗೆಯ ಕತೆ ಮುಗಿಸಿ ಜಗಳಕ್ಕೂ ಪುರುಸೊತ್ತು ಸಿಗುತ್ತಿತ್ತು. ಹಾಗಂತ ಬೈಯಲಾರೆ. ರಾತ್ರಿ ಹೆರಿಗೆ ನೋವು ಬಂದವರನ್ನು ಈ ದಡದಲ್ಲಿ ಕಾಯಿಸುತ್ತಿದ್ದ ಹೊಳೆ ಇದು.

ಅರ್ಧಕ್ಕೇ ನಿಂತ ಮಾತನ್ನೇ ಕಳಿಸಿದೆ. ತುಮರಿಯಲ್ಲಿ ಇಳಿಯುವಾಗ ನಿನ್ನ ಉತ್ತರ ಬಂತು: "ಬೊಡ್ಡೆ ಎಷ್ಟಿದ್ವು ಅಕ್ಕ?"

ಮಳೆಗಾಲ ಮುಗಿದ ಹೊಸತು, ಹೊಳೆ ತುಂಬಿತ್ತು, ಒಂದೂ ಕಂಡಿರಲಿಲ್ಲ. "ಇಪ್ಪತ್ಮೂರು" ಅಂತ ಬರೆದೆ.

"ಇಪ್ಪತ್ನಾಲ್ಕು" ಅಂದೆ ನೀನು.