ಅರ್ಜಿಯ ಒಂದು ಪುಟ

ಶಿಕ್ಷಕ ತರಬೇತಿಯ ಫೆಲೋಶಿಪ್ ಒಂದಕ್ಕೆ ಅರ್ಜಿ ಸಲ್ಲಿಸುವವರು ತಮ್ಮ ಬೋಧನೆಯ ತತ್ತ್ವವನ್ನೂ ಸಮುದಾಯದ ನಡುವೆ ಪಾಠ ಹೇಳಿದ ಅನುಭವವನ್ನೂ ಆರುನೂರು ಪದಗಳಿಗೆ ಮೀರದಂತೆ ನಿವೇದಿಸಬೇಕಾಗಿತ್ತು. ಕಾರ್ಕಳದ ಸಮೀಪದ ಊರೊಂದರ ಆ ಯುವತಿ ಮೂರು ವರ್ಷಗಳಿಂದ ಬಸದಿಯ ಚಾವಡಿಯಲ್ಲಿ ಸಂಜೆಯ ಪಾಠ ನಡೆಸುತ್ತಿದ್ದಳು. ಬರೆಯಲು ವಿಷಯದ ಕೊರತೆಯಿರಲಿಲ್ಲ. ಆದರೂ ಆಕೆಯ ಮೊದಲ ಕರಡಿನಲ್ಲಿ ವಿಷಯವೇ ಇರಲಿಲ್ಲ. ವಿದ್ಯೆ ಬೆಳಕೆಂದೂ, ಮಗು ಹೂವೆಂದೂ, ಗುರು ತೋಟಗಾರನೆಂದೂ ಎರಡು ಪುಟ ತುಂಬಿದ್ದವು.

ಆಕೆಯ ಸೋದರಮಾವ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಕರಡನ್ನು ಓದಿ ಕನ್ನಡಕ ತೆಗೆದಿಟ್ಟು ಕೇಳಿದರು: “ಮಗಾ, ಇದರಲ್ಲಿ ನಿನ್ನ ಚಾವಡಿ ಎಲ್ಲಿದೆ? ಒಂದು ಮಗುವಾದರೂ ಕಾಣಬೇಕಲ್ಲ.”

“ನಲವತ್ತು ಮಕ್ಕಳೆಂದು ಬರೆದಿದ್ದೇನೆ, ಮಾವ.”

“ಹಾಜರಿ ಪುಸ್ತಕ ತಾ.”

ಪುಸ್ತಕದಲ್ಲಿ ಹೆಸರುಗಳು ನಲವತ್ತೊಂದಿದ್ದವು. ಅರ್ಧಕ್ಕಿಂತ ಹೆಚ್ಚು ದಿನ ಬಂದವರನ್ನು ಎಣಿಸಿದಾಗ ಹದಿನಾರು ಮಂದಿ ಉಳಿದರು. ಜುಲೈ ತಿಂಗಳ ಮಳೆಯಲ್ಲಿ ಐದಾರು ಮಂದಿ ಮಾತ್ರ ಬಂದ ದಿನಗಳೂ ಇದ್ದವು. ಸಂಖ್ಯೆ ಕುಗ್ಗಿದ್ದಕ್ಕೆ ಇನ್ನೊಂದು ಕಾರಣವೂ ಅದೇ ಪುಸ್ತಕದಲ್ಲಿತ್ತು. ಮೊದಲ ವರ್ಷ ಪಾಠ ಆರು ಗಂಟೆಗೆ ಆರಂಭವಾಗುತ್ತಿತ್ತು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳ ಮಕ್ಕಳಿಗೆ ಚಳಿಗಾಲದಲ್ಲಿ ಅದು ಹೊಂದುತ್ತಿರಲಿಲ್ಲ. ಐದು ಗಂಟೆಗೆ ಹಿಂದೂಡಿದರೆ, ಕೂಲಿಯಿಂದ ತಾಯಿ ಮರಳುವ ತನಕ ತಂಗಿತಮ್ಮಂದಿರನ್ನು ನೋಡಿಕೊಳ್ಳಬೇಕಾದ ಮಕ್ಕಳು ತಪ್ಪಿಹೋಗುತ್ತಿದ್ದರು. ಎರಡನೆಯ ವರ್ಷ ಆಕೆ ಪಾಠವನ್ನು ಎರಡು ಸರದಿಗಳಾಗಿ ಒಡೆದಳು, ಚಿಕ್ಕವರನ್ನೂ ಜೊತೆಗೆ ಕರೆತರಬಹುದೆಂದು ಹೇಳಿಕಳುಹಿಸಿದಳು. ಸಮುದಾಯದ ಅನುಭವವೆಂದು ಅರ್ಜಿ ಕೇಳುವುದು ಇದನ್ನೇ ಅಲ್ಲವೇ? ಆದರೆ ಮೊದಲ ಕರಡಿನಲ್ಲಿ ಇದರ ಒಂದಕ್ಷರವೂ ಇರಲಿಲ್ಲ. ಇಂಥದ್ದನ್ನು ಬರೆಯುವುದು ತೀರಾ ಸಣ್ಣತನವೆಂದು ಆಕೆ ಭಾವಿಸಿದ್ದಳು.

ನಲವತ್ತನ್ನು ಹದಿನಾರಕ್ಕೆ ಇಳಿಸುವುದು ಸುಲಭವಾಗಿರಲಿಲ್ಲ. ಬಸದಿಯ ಆಡಳಿತ ಮೊಕ್ತೇಸರರು ವಾತ್ಸಲ್ಯದಿಂದ ನೀಡಿದ ಪ್ರಮಾಣಪತ್ರದಲ್ಲಿಯೂ ನಲವತ್ತೆಂದೇ ಇತ್ತು. ಅದನ್ನು ತಿದ್ದಿಕೊಡಿರೆಂದು ಹಿರಿಯರನ್ನು ಕೇಳುವುದು ಹೇಗೆ? ಜೊತೆಗೆ, ಉಳಿದ ಅರ್ಜಿದಾರರು ನೂರಾರು ಮಕ್ಕಳ ಲೆಕ್ಕ ಬರೆದಿರುತ್ತಾರೆಂಬ ಅಂಜಿಕೆಯೂ ಇತ್ತು. ಎರಡು ದಿನ ಆ ಕಾಗದ ಮೇಜಿನ ಮೇಲೆಯೇ ಇತ್ತು.

ಬೋಧನೆಯ ತತ್ತ್ವದ ಭಾಗಕ್ಕೆ ಮಾವ ಒಂದೇ ಪ್ರಶ್ನೆ ಹಾಕಿದರು: “ಮಗು ತಪ್ಪು ಬರೆದಾಗ ನೀನು ಏನು ಮಾಡುತ್ತೀ?” ಉತ್ತರವಾಗಿ ಆಕೆಗೆ ನೆನಪಾದದ್ದು ಮೂರನೆಯ ತರಗತಿಯ ಹುಡುಗಿಯೊಬ್ಬಳ ಸ್ಲೇಟು. ಐವತ್ತೆರಡರಿಂದ ಇಪ್ಪತ್ತೇಳನ್ನು ಕಳೆಯುವ ಲೆಕ್ಕ. ಹುಡುಗಿ 35 ಎಂದು ಬರೆದಿದ್ದಳು. ತಪ್ಪು ಗುರುತು ಹಾಕಿ ಸರಿಯುತ್ತರ ಬರೆಸಿದ್ದಾಯಿತು. ಮರುದಿನ ಅರವತ್ಮೂರರಿಂದ ಮೂವತ್ತೆಂಟನ್ನು ಕಳೆಯೆಂದಾಗ ಅದೇ ಹುಡುಗಿ ಮತ್ತೆ 35 ಎಂದು ಬರೆದಳು. ಆಗ ಮಾತ್ರ ಆಕೆ ಕೇಳಿದ್ದು, ಹೇಗೆ ಬಂತೆಂದು. ಹುಡುಗಿ ಸಂಕೋಚವಿಲ್ಲದೆ ವಿವರಿಸಿದಳು: ಮೂರರಿಂದ ಎಂಟು ಹೋಗುವುದಿಲ್ಲ, ಆದ್ದರಿಂದ ಎಂಟರಿಂದ ಮೂರು ತೆಗೆದರೆ ಐದು, ಆರರಿಂದ ಮೂರು ತೆಗೆದರೆ ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಶಾಲೆಯಲ್ಲಿ ಹೇಳಿದ್ದನ್ನು ಆಕೆ ಪ್ರತಿ ಸಾಲಿಗೂ ನಿಷ್ಠೆಯಿಂದ ಪಾಲಿಸಿದ್ದಳು.

ಇದು ಅಜಾಗ್ರತೆಯ ತಪ್ಪಲ್ಲ. ಅಮೆರಿಕದ ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು 1978ರಲ್ಲಿಯೇ, ಮಕ್ಕಳ ಕಳೆಯುವ ಲೆಕ್ಕದ ಅನೇಕ ತಪ್ಪುಗಳು ಹೀಗೆ ಒಂದು ನಿಯಮದಿಂದ ಹುಟ್ಟುತ್ತವೆಂದು ತೋರಿಸಿದ್ದರು. ಅಜಾಗ್ರತೆಯಾದರೆ ಉತ್ತರ ಪ್ರತಿಸಲ ಬೇರೆಯಾಗುತ್ತದೆ; ನಿಯಮವಾದರೆ ಮುಂದಿನ ತಪ್ಪನ್ನು ಮೊದಲೇ ಹೇಳಬಹುದು. ಆಕೆ ಎಪ್ಪತ್ತೊಂದರಿಂದ ನಲವತ್ತಾರು ಕಳೆಯಲು ಕೊಟ್ಟು, ಹುಡುಗಿ ಮತ್ತೆ 35 ಬರೆಯುವಳೆಂದು ಊಹಿಸಿದಳು. ಹಾಗೆಯೇ ಆಯಿತು.

ಬಳಿಕ ಹಿಡಿಸೂಡಿಯಿಂದ ತೆಂಗಿನ ಕಡ್ಡಿಗಳನ್ನು ಬಿಡಿಸಿ ತುಂಡರಿಸಿ, ಹತ್ತರ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮುಂದಿಟ್ಟಳು. ಇಪ್ಪತ್ತೇಳು ಕೊಡೆಂದಳು. ಹುಡುಗಿ ಎರಡು ಕಟ್ಟು ಕೊಟ್ಟು, ಏಳು ಬಿಡಿ ಕಡ್ಡಿ ಸಿಗದೆ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ತಾನಾಗಿಯೇ ಒಂದು ಕಟ್ಟಿನ ರಬ್ಬರು ಬಿಚ್ಚಿದಳು. ಎರಡು ಕಟ್ಟು, ಐದು ಬಿಡಿ ಕಡ್ಡಿ ಉಳಿದವು. ಅದಾದರೂ ಸ್ಲೇಟಿಗೆ ಮರಳಿದಾಗ ಹಳೆಯ ನಿಯಮವೇ ಕೈಗೆ ಬಂದಿತು. ಕಡ್ಡಿಯಲ್ಲಿ ಮಾಡಿದ್ದನ್ನು ಹೆಜ್ಜೆಹೆಜ್ಜೆಗೂ ಪಕ್ಕದಲ್ಲೇ ಬರೆಯಿಸಲು ಇನ್ನೂ ನಾಲ್ಕು ಸಂಜೆಗಳು ಬೇಕಾದವು.

ಕರಡನ್ನು ನೋಡಿದ ಮೊಕ್ತೇಸರರು ಇಲ್ಲಿ ಅನೇಕಾಂತವನ್ನು ಹೆಸರಿಸಬೇಕೆಂದರು. ಆಕೆ ಒಪ್ಪಲಿಲ್ಲ. ಆಕೆ ಸರಿಯೇ ಎನ್ನಬೇಕು. ಅನೇಕಾಂತವೆಂದರೆ ಮೂವತ್ತೈದೂ ಸರಿ, ಇಪ್ಪತ್ತೈದೂ ಸರಿ ಎಂದಲ್ಲ. ಹುಡುಗಿಯ ಕೈಯಲ್ಲಿದ್ದದ್ದು ಸತ್ಯದ ಒಂದು ತುಣುಕು. ಅದನ್ನೇ ಪೂರ್ಣವೆಂದು ಹಿಡಿದಾಗ ಅದು ನಯಾಭಾಸವಾಯಿತು. ಇಷ್ಟನ್ನು ಆರುನೂರು ಪದಗಳಲ್ಲಿ ವಿವರಿಸಲು ಸ್ಥಳವಿಲ್ಲ. ವಿವರಿಸದೆ ಬರೆದರೆ ಆ ಶಬ್ದ ಕೇವಲ ಆಭರಣ. ತಪ್ಪು ಗುರುತು ಹಾಕುವ ಮುನ್ನ ಹೇಗೆ ಬಂತೆಂದು ಕೇಳುತ್ತೇನೆ, ಮೊದಲ ದಿನ ನಾನೂ ಕೇಳಿರಲಿಲ್ಲ ಎಂದಷ್ಟೇ ಆಕೆ ಬರೆದಳು.

ಕೊನೆಯ ಪ್ಯಾರಾದ ವಿಷಯವಾಗಿ ಆಕೆಗೆ ನಿದ್ದೆ ಬರಲಿಲ್ಲ. ಮೊದಲ ವರ್ಷ ಹುಡುಗನೊಬ್ಬನನ್ನು ಎಲ್ಲರ ಮುಂದೆ ನಿಲ್ಲಿಸಿ ಮಗ್ಗಿ ಹೇಳಿಸಿ, ತಡವರಿಸಿದಾಗ ಗದರಿದ್ದಳು. ಮರುದಿನದಿಂದ ಅವನು ಬರಲಿಲ್ಲ. ಮನೆಗೆ ಹೋದಾಗ ತಾಯಿ, ತಂಗಿಯನ್ನು ನೋಡಿಕೊಳ್ಳಲು ಅವನು ಬೇಕೆಂದರು, ಹುಡುಗ ತಲೆಯೆತ್ತಲಿಲ್ಲ. ನಿಜವಾದ ಕಾರಣ ಯಾವುದೆಂದು ಆಕೆಗೆ ಇಂದಿಗೂ ತಿಳಿಯದು. “ಇದನ್ನು ಬರೆದರೆ ಆರಿಸುತ್ತಾರೆಯೇ, ಮಾವ?”

“ಅದು ನನಗೆ ಗೊತ್ತಿಲ್ಲ. ಆದರೆ ಆಮೇಲೆ ನೀನು ಏನು ಬದಲಾಯಿಸಿದೆ ಎಂಬುದು ಅವರಿಗೆ ತಿಳಿಯಬೇಕಾದರೆ, ಇದನ್ನು ಬಿಟ್ಟು ಹೇಳುವುದು ಹೇಗೆ?”

ಬದಲಾಯಿಸಿದ್ದು ಸಣ್ಣದು. ಅಂದಿನಿಂದ ಎಲ್ಲರೂ ಮೊದಲು ಸ್ಲೇಟಿನಲ್ಲಿ ಬರೆಯುತ್ತಾರೆ, ಆಕೆ ಪಕ್ಕದಲ್ಲಿ ಕುಳಿತು ನೋಡುತ್ತಾಳೆ. ಯಾರನ್ನೂ ಎದ್ದು ನಿಲ್ಲಿಸುವುದಿಲ್ಲ. ಹುಡುಗನ ಹೆಸರಿಲ್ಲದೆ, ಕಾರಣ ತಿಳಿಯದೆಂಬುದನ್ನೂ ಸೇರಿಸಿ, ನಾಲ್ಕು ವಾಕ್ಯಗಳಲ್ಲಿ ಅದು ನಿವೇದನೆಗೆ ಬಂದಿತು. ಅದಕ್ಕೆ ಸ್ಥಳ ಮಾಡಲು ಭಾಷಣ ಸ್ಪರ್ಧೆಯ ಬಹುಮಾನಗಳೂ ತೋಟಗಾರನೂ ಹೊರನಡೆದರು. ಮೊಕ್ತೇಸರರು ಹಾಜರಿ ಪುಸ್ತಕವನ್ನು ತಾವೇ ಒಮ್ಮೆ ಎಣಿಸಿ, ಏನೂ ಹೇಳದೆ, ಹದಿನಾರೆಂದು ಹೊಸ ಪತ್ರ ಬರೆದುಕೊಟ್ಟರು.

ಅರ್ಜಿ ಹೋದ ದಿನದ ಸಂಜೆ ಅದೇ ಹುಡುಗಿಗೆ ನಾನೂರ ಎರಡರಿಂದ ನೂರ ಐವತ್ತಾರನ್ನು ಕಳೆಯುವ ಲೆಕ್ಕ ಬಂದಿತ್ತು. ಸ್ಲೇಟಿನಲ್ಲಿ 346 ಎಂದಿತ್ತು. ನಡುವಿನ ಸೊನ್ನೆಯ ಮೇಲೆ ಒಂಬತ್ತು ಬರೆದಿದ್ದಳು. ನಾಲ್ಕು ನೂರು ಮಾತ್ರ ಹಾಗೆಯೇ ನಾಲ್ಕಾಗಿ ಉಳಿದಿತ್ತು. ಆಕೆ ಸ್ಲೇಟನ್ನು ಒರೆಸದೆ ಚಾಪೆಯ ಮೇಲೆ ಕುಳಿತು ಕೇಳಿದಳು: “ಈ ಒಂಬತ್ತು ಎಲ್ಲಿಂದ ಬಂತು, ಹೇಳು.”