ಮಾಲಕರಿಗೆ ಬರದ ಪತ್ರ

ತಿಂಗಳಾ 10,500 ರೂಪಾಯಿ ಕೊಡತಿದ್ವಿ, ಯಾವುದಕ್ಕ ಎಷ್ಟು ಅನ್ನೂದು ಗೊತ್ತಿರಲಿಲ್ಲ. ಬ್ಯಾಸಿಗ್ಯಾಗ ಟ್ಯಾಂಕರಿಗೆ ಅಂತ ಮತ್ತ 1,000 ಕೇಳಿದಾಗ ಪತ್ರ ಬರದೆ:

"ಅಣ್ಣಾರ, ಕೊಡೂದಿಲ್ಲ ಅನ್ನೂದಿಲ್ಲ. ಬಾಡಿಗಿ, ಮೇಂಟೆನೆನ್ಸ್, ನೀರು ಬ್ಯಾರೆ ಬ್ಯಾರೆ ಬರದು ಕೊಡ್ರಿ. ಟ್ಯಾಂಕರ್ ಎಷ್ಟು ಬಂದಾವು, ಎಷ್ಟು ಮನಿಗೆ ಹಂಚೀರಿ ಅದೂ ಇರಲಿ. ನಮ್ಮ ಡಿಪಾಜಿಟ್ ಎಷ್ಟೈತಿ ಅದನ್ನೂ ಬರೀರಿ."

ಉತ್ತರ ಬಂತು. ಬಾಡಿಗಿ 9,500, ಮೇಂಟೆನೆನ್ಸ್ 600, ನೀರು 400. ಟ್ಯಾಂಕರ್ 4, ಒಂದಕ್ಕ 600. ಮೂರು ಮನಿಗೆ ಹಂಚಿದ್ರ ತಲಾ 800. ಹೆಚ್ಚಿಗಿ ಕೇಳಿದ್ದ 200 ಅವರೇ ಬಿಟ್ರು.

ಆದ್ರ ಡಿಪಾಜಿಟ್ 50,000 ಅಂತಿತ್ತು. ನಾವು ಕೊಟ್ಟಿದ್ದು 60,000. ಕಡೀ ಹತ್ತು ಸಾವಿರಕ್ಕ ಪಾವತಿ ತಗೊಂಡಿರಲಿಲ್ಲ. ನೆನಪು ಮಾಡಿದಾಗ ಒಪ್ಪಿ, ತಿದ್ದಿ, ಸಹಿ ಹಾಕಿದ್ರು. ಮನಿ ಬಿಡೋ ದಿನ ಇದು ಗೊತ್ತಾಗಿದ್ರ ಜಗಳನ ಆಗತಿತ್ತು.