ತಟ್ಟೆ ಎಣಿಸಿದ ತಿಂಗಳು

ಕಳೆದ ದೀಪಾವಳಿ ಕಾರ್ಯಕ್ರಮದಂದು ನಾವಿಬ್ಬರು ಎಂದಿನಂತೆ ಸಭಾಂಗಣದ ಮೂಲೆಯಲ್ಲಿ ರಕ್ತದೊತ್ತಡ ನೋಡುವ ಮೇಜಿನ ಹಿಂದೆ ಕುಳಿತಿದ್ದೆವು. ನಾವಿಬ್ಬರು ಎಂದರೆ ಎಂ.ಬಿ.ಬಿ.ಎಸ್. ದಿನಗಳಿಂದ ಜೊತೆಗಿರುವ ಇಬ್ಬರು ಗೆಳೆಯರು. ಈಗ ಒಬ್ಬರ ಮನೆ ಬರ್ಮಿಂಗ್‌ಹ್ಯಾಮ್‌ನಲ್ಲಿ, ಇನ್ನೊಬ್ಬರದು ಲೀಡ್ಸ್‌ನಲ್ಲಿ. ಮಧ್ಯಾಹ್ನದ ಹೊತ್ತಿಗೆ ಸೆಲ್ಲಿ ಓಕ್‌ನ ಒಂದೇ ಮನೆಯಲ್ಲಿ ವಾಸಿಸುವ ಇಬ್ಬರು ಕನ್ನಡದ ವಿದ್ಯಾರ್ಥಿಗಳು ಬಂದು ಕೈ ಚಾಚಿದರು. ಒಬ್ಬನ ರಕ್ತದೊತ್ತಡ ಸರಿಯಾಗಿತ್ತು. ಇನ್ನೊಬ್ಬನದೂ ಸರಿಯಾಗಿತ್ತು, ಆದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ವಿಚಾರಿಸಿದಾಗ ತಿಳಿಯಿತು, ಜಗಳ ದಿನಸಿಯದು. ಮನೆಯಲ್ಲಿ ಆರು ಮಂದಿ. ಸರದಿಯಂತೆ ಅಡುಗೆ, ಸ್ಟ್ರಾಟ್‌ಫರ್ಡ್ ರಸ್ತೆಯಿಂದ ಒಟ್ಟಿಗೆ ಸಾಮಾನು, ತಿಂಗಳ ಕೊನೆಯಲ್ಲಿ ಖರ್ಚನ್ನು ಆರರಿಂದ ಭಾಗಿಸುವುದು. ಅವರಲ್ಲೊಬ್ಬ ವಾರದಲ್ಲಿ ಹಲವು ರಾತ್ರಿ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ; ಊಟ ಅಲ್ಲಿಯೇ. ಮನೆಯಲ್ಲಿ ಉಣ್ಣದ ಅನ್ನಕ್ಕೆ ತಾನೇಕೆ ಹಣ ಕೊಡಬೇಕೆಂದು ಅವನು. ಅಕ್ಕಿಯ ಮೂಟೆ ತಂದಾಗ ಆರು ಜನರಿಗೆಂದೇ ತಂದದ್ದಲ್ಲವೇ ಎಂದು ಉಳಿದವರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ನಾವು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕೆವು. ಇದೇ ಜಗಳವನ್ನು 1998ರ ಡಿಸೆಂಬರಿನಲ್ಲಿ ನೂರ ಹನ್ನೆರಡು ಮಂದಿಯ ನಡುವೆ ಕಂಡವರು ನಾವು.

ಆಗ ನಾವು ಉತ್ತರ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿದ್ದೆವು. ಮೆಸ್ಸು ವಿದ್ಯಾರ್ಥಿಗಳದೇ, ತಿಂಗಳ ಖರ್ಚನ್ನು ಉಂಡ ದಿನಗಳಿಂದ ಭಾಗಿಸುವ ಡಿವೈಡಿಂಗ್ ಪದ್ಧತಿ. ಸರದಿಯಲ್ಲಿ ಇಬ್ಬರು ಸೆಕ್ರೆಟರಿಗಳು, ಅವರಿಗೆ ಆ ಅವಧಿಯ ಊಟ ಉಚಿತ. ಊರಿಗೆ ಹೋಗುವವರು ಹಿಂದಿನ ದಿನವೇ ಕಟ್ ಪುಸ್ತಕದಲ್ಲಿ ಬರೆಯಬೇಕು. ಬರೆದರೆ ಆ ಹೊತ್ತಿನ ದುಡ್ಡು ಇಲ್ಲ, ಬರೆಯದಿದ್ದರೆ ಉಣ್ಣದಿದ್ದರೂ ದುಡ್ಡು. ನಮ್ಮ ಸರದಿ ಬಂದದ್ದು ಡಿಸೆಂಬರಿನಲ್ಲಿ. ಅಧಿಕಾರ ವಹಿಸಿಕೊಂಡ ದಿನವೇ ಹಿಂದಿನವರು ಹಚ್ಚಿ ಹೋದ ನವೆಂಬರಿನ ದರ ಸೂಚನಾ ಫಲಕದಲ್ಲಿತ್ತು: ದಿನಕ್ಕೆ 32 ರೂಪಾಯಿ 28 ಪೈಸೆ. ಅಕ್ಟೋಬರಿನಲ್ಲಿ ಅದು 27 ಇತ್ತು.

ರಾತ್ರಿಯ ಊಟಕ್ಕೆ ಗದ್ದಲವೆದ್ದಿತು. ಕೆಲವರು ಈರುಳ್ಳಿಯನ್ನು ಬೈದರು. ಆ ವರ್ಷ ಈರುಳ್ಳಿಯ ಬೆಲೆ ದೇಶವನ್ನೇ ಕಂಗೆಡಿಸಿದ್ದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಹೆಚ್ಚಿನವರು ಮಾತ್ರ ಅಡುಗೆಯ ಭಟ್ಟರನ್ನು ಬೈದರು. ಅಕ್ಕಿ ಹಿಂಬಾಗಿಲಿನಿಂದ ಹೋಗುತ್ತಿದೆ, ಅವರನ್ನು ಬಿಡಿಸಬೇಕು ಎಂಬ ಅರ್ಜಿಗೆ ಎರಡು ದಿನಗಳಲ್ಲಿ ಅರವತ್ತು ಸಹಿ ಬಿದ್ದವು. ಆ ಅರ್ಜಿಯನ್ನು ವಾರ್ಡನ್‌ಗೆ ಒಯ್ಯಬೇಕಾದವರು ನಾವು. ಒಂದು ವಾರದ ಅವಕಾಶ ಕೇಳಿದೆವು.

ಮೊದಲು ಕಂಡದ್ದು ಲೆಕ್ಕದ ತಪ್ಪು. ಹಿಂದಿನವರು ನವೆಂಬರಿನ ಖರೀದಿ 78,600 ರೂಪಾಯಿಗೆ ಅಡುಗೆಯವರ ಸಂಬಳ ಮತ್ತು ಗ್ಯಾಸಿನ 15,000 ಸೇರಿಸಿ, ಕಟ್ ಕಳೆದು ಉಳಿದ 2,900 ಊಟದ ದಿನಗಳಿಂದ ಭಾಗಿಸಿದ್ದರು. ಆದರೆ ಕೊಂಡದ್ದೆಲ್ಲ ತಿಂದದ್ದಲ್ಲ. ತಿಂಗಳ ಕೊನೆಯ ವಾರದಲ್ಲಿ ಕಿರಾಣಿ ಅಂಗಡಿಯಿಂದ ಎಣ್ಣೆಯ ಡಬ್ಬಿಗಳೂ ಅಕ್ಕಿಯ ಚೀಲಗಳೂ ಬಂದು ಉಗ್ರಾಣದಲ್ಲಿ ಹಾಗೆಯೇ ಇದ್ದವು. ತಿಂಗಳ ಮೊದಲಿನ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಕೊನೆಯ ದಾಸ್ತಾನನ್ನು ಕಳೆದರೆ ಮಾತ್ರ ತಿಂದದ್ದು ಸಿಗುತ್ತದೆ. ಮೊದಲಿನದು 9,400, ಕೊನೆಯದು 16,000. ಹಾಗಾಗಿ ತಿಂದದ್ದು 72,000. ಸ್ಥಿರ ಖರ್ಚು ಸೇರಿ 87,000. ದಿನಕ್ಕೆ ಸರಿಯಾಗಿ 30 ರೂಪಾಯಿ. ತಿಂಡಿಯನ್ನು ಅರ್ಧ ಊಟವೆಂದು ಹಿಡಿದರೆ ದಿನಕ್ಕೆ ಎರಡೂವರೆ ಊಟ, ಒಂದು ಊಟಕ್ಕೆ 12 ರೂಪಾಯಿ. ಅಂದರೆ ಎರಡು ರೂಪಾಯಿ ಇಪ್ಪತ್ತೆಂಟು ಪೈಸೆಯನ್ನು ಯಾರೂ ಕದ್ದಿರಲಿಲ್ಲ. ಅದು ಡಿಸೆಂಬರಿನ ಊಟವಾಗಿ ಉಗ್ರಾಣದಲ್ಲಿ ಕುಳಿತಿತ್ತು.

ಉಳಿದ ಮೂರು ರೂಪಾಯಿ ಎಲ್ಲಿ ಹೋಯಿತು? ಈರುಳ್ಳಿಯನ್ನು ಲೆಕ್ಕ ಹಾಕಿದೆವು. ತಿಂಗಳಿಗೆ ಸುಮಾರು ನೂರು ಕಿಲೋ, ಕಿಲೋಗೆ ಮೂವತ್ತು ರೂಪಾಯಿ ಹೆಚ್ಚು. ಒಬ್ಬರಿಗೆ ದಿನಕ್ಕೆ ಒಂದು ರೂಪಾಯಿ. ಅದಕ್ಕಿಂತ ಹೆಚ್ಚಿನ ಹೊರೆಯನ್ನು ಈರುಳ್ಳಿ ಹೊರಲಾರದು.

ಇನ್ನು ಭಟ್ಟರು. ಬೇಳೆ, ಎಣ್ಣೆ, ಮಸಾಲೆಗಳ ಬಳಕೆ ದಿನದ ಅಡುಗೆಗೆ ತಕ್ಕಂತೆ ಏರಿಳಿಯುತ್ತದೆ. ಅನ್ನದ ಅಳತೆ ಬದಲಾಗುವುದು ಕಡಿಮೆ. ಆದ್ದರಿಂದ ಕಳವನ್ನು ಹುಡುಕುವವರು ಅಕ್ಕಿಯನ್ನೇ ಹಿಡಿಯಬೇಕು. ನಮ್ಮ ಮೆಸ್ಸಿನಲ್ಲಿ ಒಂದು ಊಟಕ್ಕೆ 140 ಗ್ರಾಂ ಅಕ್ಕಿ ಹಾಕುವ ರೂಢಿ. (ಶಾಲೆಗಳ ಬಿಸಿಯೂಟದಲ್ಲಿ ಚಿಕ್ಕ ಮಕ್ಕಳಿಗೆ 100, ಆರರಿಂದ ಎಂಟನೆಯ ತರಗತಿಯವರಿಗೆ 150 ಗ್ರಾಂ ಧಾನ್ಯವೆಂಬ ನಿಯಮವಿದೆ, ಜೊತೆಗೆ ಚಪಾತಿಯಿದ್ದ ನಮಗೆ 140 ಸಾಕಿತ್ತು.) ನವೆಂಬರಿನಲ್ಲಿ ಉಗ್ರಾಣದಿಂದ ಹೊರಬಂದ ಅಕ್ಕಿ 825 ಕಿಲೋ. 2,900 ದಿನಗಳೆಂದರೆ 5,800 ಊಟ. ಭಾಗಿಸಿದರೆ ಊಟಕ್ಕೆ 142 ಗ್ರಾಂ. ಮೂಟೆಗಟ್ಟಲೆ ಅಕ್ಕಿ ಹೊರಗೆ ಹೋಗಿದ್ದರೆ ಈ ಅಂಕಿ 160, 170ಕ್ಕೆ ಏರಬೇಕಿತ್ತು.

ಆದರೂ ಒಂದು ಸಂಶಯ ಉಳಿಯಿತು. ಈ ಭಾಗಾಕಾರದಲ್ಲಿ ಉಂಡವರೆಂದು ನಾವು ಹಿಡಿದದ್ದು ಪುಸ್ತಕದಲ್ಲಿದ್ದವರನ್ನು. ಪುಸ್ತಕದಲ್ಲಿದ್ದವರೆಲ್ಲ ಉಂಡಿದ್ದರೇ? ಅದನ್ನು ತಿಳಿಯಲು ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿದೆವು. ಎರಡನೆಯ ಹೊತ್ತಿಗೆ ಅವರು ಹರಟೆಯಲ್ಲಿ ಎಣಿಕೆ ಮರೆತರು. ಆಗ ಭಟ್ಟರೇ ಒಂದು ಉಪಾಯ ಹೇಳಿದರು. ಊಟಕ್ಕೆ ಮುಂಚೆ ನೂರ ಮೂವತ್ತು ತಟ್ಟೆ ಸ್ಟ್ಯಾಂಡಿನಲ್ಲಿ ಇಡುವುದು, ಊಟ ಮುಗಿಯುವವರೆಗೆ ತೊಳೆದ ತಟ್ಟೆಯನ್ನು ಮತ್ತೆ ಇಡದಿರುವುದು, ಕೊನೆಯಲ್ಲಿ ಉಳಿದವನ್ನು ಎಣಿಸುವುದು. ಕಳೆದರೆ ಉಂಡವರ ಸಂಖ್ಯೆ. ತಟ್ಟೆಯನ್ನು ಕೋಣೆಗೆ ಒಯ್ದು ಮಂಚದ ಕೆಳಗೆ ಬಿಡುವವರಿಂದ ಮರುದಿನ ಸ್ಟ್ಯಾಂಡಿಗೆ ನೂರ ಮೂವತ್ತು ತುಂಬುತ್ತಿರಲಿಲ್ಲ. ಹೀಗಾಗಿ ಪ್ರತಿ ಊಟಕ್ಕೂ ಮುನ್ನ ಒಮ್ಮೆ ಎಣಿಸುವುದು ಅನಿವಾರ್ಯವಾಯಿತು.

ಮೊದಲ ಶನಿವಾರದ ರಾತ್ರಿ ಪುಸ್ತಕದಲ್ಲಿ 97, ತಟ್ಟೆ 71. ಇಪ್ಪತ್ತಾರು ಮಂದಿ ಕಟ್ ಬರೆಯದೆ ಊರಿಗೋ ಸಿನಿಮಾಕ್ಕೋ ಹೋಗಿದ್ದರು. ಭಟ್ಟರು 97 ಮಂದಿಗೆ ಬೇಯಿಸಿದ್ದರು. ಮರುದಿನ ಭಾನುವಾರ, ಸಿಹಿಯೂಟ. ಪುಸ್ತಕದಲ್ಲಿ 90, ತಟ್ಟೆ 118. ಇಪ್ಪತ್ತೆಂಟು ಮಂದಿ ಅತಿಥಿಗಳು, ಅತಿಥಿ ಪುಸ್ತಕದಲ್ಲಿ ಒಂದೂ ಹೆಸರಿಲ್ಲ. ನವೆಂಬರಿನ ಭಾನುವಾರಗಳೂ ಹೀಗೆಯೇ ಇದ್ದವೆಂದು ಭಟ್ಟರು ಹೇಳಿದರು. ಆ ಅತಿಥಿಗಳನ್ನೂ ಸೇರಿಸಿದರೆ ಅಕ್ಕಿಯ ಲೆಕ್ಕ 142ರಿಂದ 140ಕ್ಕೆ ಬಂದು ನಿಂತಿತು.

ಶನಿವಾರದ ಅನ್ನ ಕಳವಾಯಿತೋ ಹಾಳಾಯಿತೋ ಎಂಬುದನ್ನು ಈ ಅಂಕಿ ಹೇಳದು. ಅದಕ್ಕೆ ಎರಡನೆಯ ಶನಿವಾರ ಉಳಿದ ಅನ್ನದ ಬಕೆಟ್ಟನ್ನು ತಕ್ಕಡಿಗೆ ಏರಿಸಿದೆವು. ಇಪ್ಪತ್ತಾರು ಮಂದಿಯ ಅಕ್ಕಿ ಮೂರೂವರೆ ಕಿಲೋಗಿಂತ ತುಸು ಹೆಚ್ಚು. ಬೆಂದ ಮೇಲೆ ಅದು ಎರಡೂವರೆ ಮೂರು ಪಟ್ಟು ತೂಗುತ್ತದೆ. ಬಕೆಟ್ಟಿನಲ್ಲಿ ಹತ್ತು ಕಿಲೋಗೆ ಸ್ವಲ್ಪ ಕಡಿಮೆ ಇತ್ತು. ಭಟ್ಟರು ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ, "ಕದ್ದಿದ್ರ ಬಕೀಟಿನ್ಯಾಗ ಹ್ಯಾಂಗ ಬರ್ತದ್ರಿ ಸರ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅರ್ಜಿಗೆ ಮೊದಲ ದಿನ ಸಹಿ ಹಾಕಿದವರಲ್ಲಿ ನಮ್ಮಲ್ಲೊಬ್ಬರೂ ಇದ್ದೆವೆಂಬುದನ್ನು ಅವರಿಗೆ ಅಂದು ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಹಾಳಾದ ಊಟದ ದುಡ್ಡನ್ನು ಕಟ್ ಬರೆಯದವರೇ ತೆತ್ತಿದ್ದರು; ಲೆಕ್ಕಕ್ಕೆ ಬಾರದ ಅತಿಥಿಗಳದು ಸುಮಾರು ಅರ್ಧ ರೂಪಾಯಿ. ಉಳಿದ ಒಂದೂವರೆ ರೂಪಾಯಿ ನಮಗೆ ಸಿಗಲೇ ಇಲ್ಲ. ಸಂತೆಯಲ್ಲಿ ಚೀಟಿಯಿಲ್ಲದೆ ಕೊಂಡ ತರಕಾರಿಯಲ್ಲಿ ಅದು ಕರಗಿರಬೇಕು. ಫಲಕದಲ್ಲಿ ಅದನ್ನೂ ಹಾಗೆಯೇ ಬರೆದು ಹಚ್ಚಿದೆವು: ಒಂದೂವರೆ ರೂಪಾಯಿ, ಪತ್ತೆಯಿಲ್ಲ. ಅರ್ಜಿ ವಾರ್ಡನ್‌ಗೆ ಹೋಗಲಿಲ್ಲ.

ಈ ಹುಡುಕಾಟದಲ್ಲಿ ಕಟ್ ಪುಸ್ತಕವನ್ನು ಸಾಲುಸಾಲಾಗಿ ಓದಬೇಕಾಯಿತು. ಆಗ ಕಣ್ಣಿಗೆ ಬಿದ್ದದ್ದು ನಮ್ಮ ಕಿರಿಯ ಬ್ಯಾಚಿನ ಹುಡುಗನೊಬ್ಬನ ಹೆಸರು. ನವೆಂಬರಿನ ಮೂವತ್ತು ರಾತ್ರಿಗಳಲ್ಲಿ ಇಪ್ಪತ್ನಾಲ್ಕು ರಾತ್ರಿ ಕಟ್. ಊರಿಗೆ ಹೋದವನಲ್ಲ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎಲ್ಲ ದಿನವೂ ಇದ್ದವು. ಒಂದು ರಾತ್ರಿ ನೀರು ಕೇಳುವ ನೆವದಲ್ಲಿ ಅವನ ಕೋಣೆಗೆ ಹೋದೆವು. ಮೇಜಿನ ಮೇಲೆ ಅಂಗರಚನೆಯ ಪುಸ್ತಕ, ಪಕ್ಕದಲ್ಲಿ ಚುರುಮುರಿಯ ಪೊಟ್ಟಣ. ಊಟಕ್ಕೆ ಹನ್ನೆರಡರಂತೆ ಅವನು ಉಳಿಸಿದ್ದು 288 ರೂಪಾಯಿ. ಕೊರತೆಯಾಗುವುದು ಎಷ್ಟು ದಿನದಲ್ಲಿ, ಯಾವುದರದು ಎಂಬುದನ್ನು ಆಗಷ್ಟೇ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ನಾವು ಎದುರಿನ ಮುಖವನ್ನು ನೋಡಿಯೂ ಗುರುತಿಸಿರಲಿಲ್ಲ.

ಹಣ ಕೊಡುತ್ತೇವೆಂದರೆ ಅವನು ಒಪ್ಪುವವನಲ್ಲ. ಆದ್ದರಿಂದ ತಟ್ಟೆ ಎಣಿಸುವ ಕೆಲಸಕ್ಕೆ ಒಬ್ಬರು ಖಾಯಂ ಬೇಕು, ಸೆಕ್ರೆಟರಿಗಳಂತೆ ಅವರಿಗೂ ಊಟ ಉಚಿತ ಎಂದು ಸಭೆಯಲ್ಲಿ ನಿರ್ಣಯ ಮಾಡಿಸಿದೆವು. ಒಬ್ಬರ ಊಟವನ್ನು ಉಳಿದ ನೂರು ಮಂದಿಯ ಮೇಲೆ ಹಂಚಿದರೆ ತಲೆಗೆ ದಿನಕ್ಕೆ ಮೂವತ್ತು ಪೈಸೆ; ಯಾರೂ ಆಕ್ಷೇಪಿಸಲಿಲ್ಲ. ಅವನು ನಮಗಿಂತ ಚೆನ್ನಾಗಿ ಲೆಕ್ಕ ಬರೆದ. ಶುಕ್ರವಾರ ಸಂಜೆ ಕೋಣೆಕೋಣೆಗೆ ಹೋಗಿ ಶನಿವಾರದ ಕಟ್ ಬರೆಸಿಕೊಳ್ಳುವ ಪದ್ಧತಿ ಅವನದೇ. ಮುಂದಿನ ತಿಂಗಳುಗಳಲ್ಲಿ ಶನಿವಾರದ ವ್ಯತ್ಯಾಸ ನಾಲ್ಕೈದು ತಟ್ಟೆಗೆ ಇಳಿಯಿತು.

ಸೆಲ್ಲಿ ಓಕ್‌ನ ಹುಡುಗರಿಗೆ ನಾವು ಹೇಳಿದ್ದು ಇಷ್ಟೇ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಉಂಡ ಪ್ರತಿ ಊಟಕ್ಕೂ, ಕಟ್ಟಿಕೊಂಡು ಹೋದ ಪ್ರತಿ ಡಬ್ಬಿಗೂ ತಮ್ಮ ಹೆಸರಿನ ಕೆಳಗೆ ಒಂದು ಗೀಟು ಎಳೆಯಿರಿ. ತಿಂಗಳ ಕೊನೆಯಲ್ಲಿ ಅಕ್ಕಿ, ಬೇಳೆ, ಎಣ್ಣೆ ಉಳಿದದ್ದನ್ನು ಬೆಲೆಕಟ್ಟಿ ಕಳೆಯಿರಿ. ಸಾಸಿವೆ, ಅರಿಶಿನಗಳ ಗೋಜಿಗೆ ಹೋಗಬೇಡಿ. ನಾಲ್ಕು ವಾರಗಳ ನಂತರ ಅವರು ಹಾಳೆಯ ಚಿತ್ರ ಕಳುಹಿಸಿದರು. ಖರೀದಿ 312 ಪೌಂಡ್, ಉಳಿದ ಸಾಮಾನು 42, ತಿಂದದ್ದು 270. ಗೀಟುಗಳು 225. ಊಟಕ್ಕೆ ಒಂದು ಪೌಂಡ್ ಇಪ್ಪತ್ತು ಪೆನ್ಸ್. ಗೋದಾಮಿನ ಹುಡುಗನ ಗೀಟುಗಳು ಹದಿನೆಂಟು. ಹಳೆಯ ರೀತಿಯಲ್ಲಿ 52 ಪೌಂಡ್ ಕೊಡಬೇಕಿದ್ದವನ ಪಾಲು 21 ಪೌಂಡ್ 60 ಪೆನ್ಸ್. ಮೂಟೆಯಲ್ಲಿ ಉಳಿದ ಅಕ್ಕಿ ಮುಂದಿನ ತಿಂಗಳ ಲೆಕ್ಕಕ್ಕೆ ಹೋದ್ದರಿಂದ, ಆರು ಜನರಿಗೆಂದೇ ತಂದದ್ದು ಎಂಬ ಉಳಿದವರ ಮಾತಿಗೂ ಜಾಗ ಸಿಕ್ಕಿತ್ತು.

ಮುಂದಿನ ತಿಂಗಳು ಅವರ ಮನೆಗೆ ಎರಡು ಸಲ ಊಟಕ್ಕೆ ಹೋಗಿದ್ದೆವು. ತಿಂಗಳ ಕೊನೆಯಲ್ಲಿ ಬಂದ ಚಿತ್ರದಲ್ಲಿ ಏಳನೆಯ ಕಾಲಮ್ಮೊಂದು ಹೊಸದಾಗಿ ಸೇರಿತ್ತು: ಅತಿಥಿ. ಅದರ ಕೆಳಗೆ ನಾಲ್ಕು ಗೀಟುಗಳು. ಆ ತಿಂಗಳ ದರ 1 ಪೌಂಡ್ 15 ಪೆನ್ಸ್. ನಾವು 4 ಪೌಂಡ್ 60 ಪೆನ್ಸ್ ಕಳುಹಿಸಿದೆವು. ಬೇಡವೆಂದು ಯಾರೂ ಹೇಳಲಿಲ್ಲ.